ಒಣಗುವ ತನಕ ಬಿಟ್ಟ ಮುಲ್ತಾನಿ ಮಿಟ್ಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳಲು ನನಗೇ ಸುಲಭ. ಬನಹಟ್ಟಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮನೆಯ ಮುಂದಿನ ಕೋಣೆ, ಗೋಡೆಯಗಲ ಕನ್ನಡಿ, ಹಿಂದಕ್ಕೆ ವಾಲುವ ಒಂದೇ ಒಂದು ಕುರ್ಚಿ. ಹಿಂದಿನ ಕೋಣೆಯಲ್ಲಿ ಗಂಡನ ನಾಲ್ಕು ಪಾವರ್‌ಲೂಮ್ ಬೆಳಗಿನಿಂದ ಬಡಿಯುತ್ತಿರುತ್ತವೆ. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಸಾದಾ ಮಾತೂ ಜಗಳದ ಹಾಗೆ ಕೇಳುತ್ತದೆಂದು ಗಿರಾಕಿಗಳು ನಗುತ್ತಾರೆ. ಖರೆ ಜಗಳ ಅವರು ನೋಡಿಲ್ಲ.

ನನ್ನ ಅಕ್ಕ ಇರುವುದು ರಬಕವಿಯಲ್ಲಿ, ಆಟೋ ಹತ್ತಿದರೆ ಹತ್ತು ನಿಮಿಷ. ಇನ್ನೂ ಕೈಮಗ್ಗದ ಮೇಲೆ ಸೀರೆ ನೇಯುವವಳು. ಗಂಡ ಸೀರೆಯ ಗಂಟು ಕಟ್ಟಿಕೊಂಡು ಊರೂರು ತಿರುಗುವುದರಿಂದ ಮನೆ, ಮಗ್ಗ, ಮಗಳು ಮೂರೂ ಅವಳ ತಲೆಯ ಮೇಲೆಯೇ. ಮಗಳು ಒಬ್ಬಳೇ. ಜಮಖಂಡಿಯ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ, ನನ್ನ ಹೊಟ್ಟೆಯಲ್ಲಿ ಹುಟ್ಟಲಿಲ್ಲ ಅಷ್ಟೇ. ಬೆಳಿಗ್ಗೆ ಮುಖ ತೊಳೆದು ಬಸ್ಸು ಹತ್ತಿದರೆ ಜಮಖಂಡಿ ಮುಟ್ಟುವಷ್ಟರಲ್ಲಿ ಹಣೆ, ಮೂಗು, ಗದ್ದ ಎಣ್ಣೆ ಸವರಿದಂತೆ ಮಿಂಚುತ್ತಿದ್ದವು. ಕೆನ್ನೆಯ ತುಂಬ ಮೊಡವೆ. ಒಂದು ಒಣಗಿದರೆ ಪಕ್ಕದಲ್ಲಿ ಎರಡು ಏಳುತ್ತಿದ್ದವು.

ಮೂರು ತಿಂಗಳಿಂದ ನಾನೇ ಅವಳನ್ನು ನೋಡಿಕೊಳ್ಳುತ್ತಿದ್ದೆ. ಪ್ರತಿ ಭಾನುವಾರ ಬಂದು ಕುರ್ಚಿಯಲ್ಲಿ ಒರಗಿ, "ಚಿಗವ್ವ, ಹಚ್ಚು" ಎಂದು ಕಣ್ಣು ಮುಚ್ಚುವಳು. ವಾರಕ್ಕೆ ಒಂದೇ ಸಲ ಮುಲ್ತಾನಿ ಮಿಟ್ಟಿ. ಅದನ್ನು ಗುಲಾಬಿ ನೀರಿನಲ್ಲಿ ಕಲಸಿ, ಒಂದು ಚಮಚ ಲೋಳೆಸರದ ತಿರುಳು ಸೇರಿಸಿ ತೆಳ್ಳಗೆ ಎಳೆಯುತ್ತಿದ್ದೆ. ಕಣ್ಣಿನ ಸುತ್ತ, ತುಟಿಯ ಅಂಚಿಗೆ ತಾಕಿಸುತ್ತಿರಲಿಲ್ಲ. ಎಂಟು ಹತ್ತು ನಿಮಿಷಕ್ಕೆ ಬೆರಳಿಟ್ಟು ನೋಡುವುದು. ಅಂಚು ಬಿಳಿಚಿದ್ದು, ನಡುವೆ ಇನ್ನೂ ಹಸಿ ತಗುಲುವಾಗಲೇ ನೀರು ಚಿಮುಕಿಸಿ ಮೆತ್ತಗೆ ತೆಗೆಯುವುದು. ಅದು ಎಣ್ಣೆ ಹೀರುವ ಮಣ್ಣು. ಪೂರ್ತಿ ಒಣಗಲು ಬಿಟ್ಟರೆ ಎಣ್ಣೆಯ ಜೊತೆ ಚರ್ಮದ ಹಸಿಯನ್ನೂ ಎಳೆದುಕೊಂಡು ಬಿಗಿಯುತ್ತದೆ. ಬೇವಿನ ಎಲೆ ಕುದಿಸಿ ಆರಿಸಿದ ನೀರನ್ನು ಹತ್ತಿಯಲ್ಲಿ ಅದ್ದಿ ಮೊಡವೆ ಇದ್ದಲ್ಲಿ ಮಾತ್ರ ಒತ್ತುತ್ತಿದ್ದೆ, ಅದೂ ಭಾನುವಾರಕ್ಕೊಮ್ಮೆ. ಲೋಳೆಸರವನ್ನು ಕೊಯ್ದ ಕೂಡಲೇ ಹಚ್ಚುತ್ತಿರಲಿಲ್ಲ. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಹಳದಿ ಹಾಲು ಇಳಿದುಹೋಗುವ ತನಕ ಕಾಯಬೇಕು. ಆ ಹಾಲು ಎಷ್ಟೋ ಜನರಿಗೆ ನವೆ ಬರಿಸುತ್ತದೆ. ಒಳಗಿನ ಗಾಜಿನಂಥ ತಿರುಳನ್ನಷ್ಟೇ ತೊಳೆದು ತೆಗೆಯಬೇಕು. ಮೊಡವೆ ಪೂರ್ತಿ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ, ಆದರೆ ಕೆಂಪು ಇಳಿದಿತ್ತು. ಹುಡುಗಿ ತಲೆ ಎತ್ತಿ ನಡೆಯುತ್ತಿದ್ದಳು.

ಆಗ ಬೀಳಗಿಯಿಂದ ಒಂದು ಮನೆತನದವರು ಅವಳನ್ನು ನೋಡಲು ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು. ಎದ್ದು ಹೋಗುವಾಗ ಹುಡುಗನ ಸೋದರತ್ತೆ, ಹುಡುಗಿ ಛಲೋ ಅದಾಳ, ಆದ್ರ ಮಾರಿ ಒಂದೀಟು, ಎಂದು ಅರ್ಧಕ್ಕೇ ನಿಲ್ಲಿಸಿದಳಂತೆ. ಉಳಿದರ್ಧವನ್ನು ಅಕ್ಕ ತಾನೇ ತುಂಬಿಕೊಂಡಳು. ಅವರ ಗಾಡಿ ಓಣಿ ದಾಟುವ ಮೊದಲೇ ಮಗ್ಗದ ಮೇಲಿದ್ದ ಲಾಳಿ ತೆಗೆದು ಮಗಳತ್ತ ಎಸೆದಳು. ತುದಿಗೆ ಕಬ್ಬಿಣ ಹಾಕಿದ ಕಟ್ಟಿಗೆ ಅದು. ಹುಡುಗಿಯ ಮೊಣಕೈ ಊದಿ ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ.

ಮುಂದಿನ ವಾರ ಅಕ್ಕ ನನ್ನ ಪಾರ್ಲರಿಗೆ ಬಂದು ಬಾಗಿಲಲ್ಲೇ ನಿಂತಳು. ಮುಧೋಳದವರು ಇನ್ನು ಹತ್ತು ದಿನಕ್ಕೆ ಬರುತ್ತಾರೆ, ಹುಡುಗನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಇದು ತಪ್ಪಿದರೆ ತಾನು ಜೀವಂತ ಇರುವುದಿಲ್ಲ, ವಾರಕ್ಕೊಮ್ಮೆ ಮಾಡುವ ನಿನ್ನ ಆಟ ಸಾಕು, ಮಣ್ಣು ಕೊಡು, ನಾನೇ ಹಚ್ಚುತ್ತೇನೆ ಎಂದಳು. ನನ್ನ ಕುರ್ಚಿಯಲ್ಲಿ ಅವತ್ತಿನ ಮದುಮಗಳು ಕೂತಿದ್ದಳು, ಹೊರಗೆ ಅವಳ ಅಣ್ಣ ಕಾರಿನ ಹಾರ್ನ್ ಬಾರಿಸುತ್ತಿದ್ದ. ಪುಡಿಯ ಪಾಕೀಟು ಅಕ್ಕನ ಕೈಗೆ ತುರುಕಿ, ತಿರುಗಿ ನೋಡದೆ ಒಂದು ಮಾತು ಹೇಳಿದೆ.

"ಕಲಸಿ ಹಚ್ಚು, ಒಣಗಿದ ಮ್ಯಾಲ ತೊಳಿ."

ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ತೆಳುವು ಎಂದು ಹೇಳಲಿಲ್ಲ. ನನ್ನ ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ. ಅದೂ ಯಾರಿಗೆ ಹೇಳಿದೆ? ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚಿ ಬೆಳೆದವಳಿಗೆ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು, ಓಣಿಯುದ್ದ ಹಾಸು ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತೀಡಿ, ನೂಲು ನೂಲೂ ಬಿರುಸಾಗುವ ತನಕ ಒಣಗಿಸಬೇಕು. ಅರೆಹಸಿ ಹಾಸು ಮಗ್ಗಕ್ಕೇರಿಸಿದರೆ ಎಳೆಗಳು ಒಂದಕ್ಕೊಂದು ಅಂಟಿ ಪಟಪಟ ಹರಿಯುತ್ತವೆ. ಚಿಕ್ಕವಳಿದ್ದಾಗ ಹಸಿ ಹಾಸು ಸುತ್ತಿದ್ದಕ್ಕೆ ಅಕ್ಕ ಅಪ್ಪನ ಕೈಯಲ್ಲಿ ಬೆತ್ತದ ಏಟು ತಿಂದಿದ್ದಾಳೆ. ಒಣಗುವುದೆಂದರೆ ಅವಳ ಪಾಲಿಗೆ ಕಟಕಟ ಒಣಗುವುದೇ. ಮಗಳ ಮುಖವನ್ನೂ ಅವಳು ಹಾಗೆಯೇ ಒಣಗಿಸಿದಳು.

ನಡುವಿನ ಭಾನುವಾರ ಅಕ್ಕ ಮಗಳನ್ನು ಕಳಿಸಿರಲಿಲ್ಲ. ಗುರುವಾರ ಸಂಜೆ ಹುಡುಗಿ ರಬಕವಿಗೆ ಹೋಗದೆ ಬನಹಟ್ಟಿಯಲ್ಲೇ ಬಸ್ಸಿಳಿದು ನನ್ನ ಹತ್ತಿರ ಬಂದಳು. ಮುಖಕ್ಕೆ ಓಢಣಿ ಸುತ್ತಿದ್ದಳು. ಬಿಚ್ಚು ಎಂದೆ, ಬಿಚ್ಚಲಿಲ್ಲ. ನಾನೇ ಎಳೆದೆ. ಎರಡೂ ಕೆನ್ನೆ ಸುಟ್ಟ ಹಾಗೆ ಕೆಂಪಗಾಗಿ, ಮೂಗಿನ ಪಕ್ಕದಲ್ಲಿ ಸಿಪ್ಪೆ ಏಳುತ್ತಿತ್ತು. ಬಾಯಿಯ ಮೂಲೆ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಅದರ ಮೇಲೂ ಹಣೆ ಮಿಂಚುತ್ತಿತ್ತು, ಮೊಡವೆಗಳು ಮೊದಲಿಗಿಂತ ಊದಿದ್ದವು. ನಕ್ಕರೆ ಹರಿಯುತ್ತದೆ ಚಿಗವ್ವ, ಅನ್ನ ಅಗಿಯುವುದಕ್ಕೂ ಆಗುತ್ತಿಲ್ಲ ಎಂದಳು.

ಕೇಳಿದರೆ ಎಲ್ಲ ಹೇಳಿದಳು. ಎಂಟು ದಿನದಿಂದ ದಿನವೂ ಸಂಜೆ ಆರಕ್ಕೆ. ಅಕ್ಕ ಹಸಿ ಬೇವಿನ ಎಲೆ ಮಿಕ್ಸರಿನಲ್ಲಿ ರುಬ್ಬಿ, ಮಣ್ಣು ಸುರಿದು, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಚಪಾತಿಯಷ್ಟು ದಪ್ಪ ಬಳಿದು ಫ್ಯಾನಿನ ಕೆಳಗೆ ಕೂರಿಸುತ್ತಿದ್ದಳಂತೆ. ಮಾತಾಡಕೂಡದು. ಮುಖ ಬಿರುಕು ಬಿಟ್ಟು ಚೂರು ಉದುರುವ ತನಕ, ಮುಕ್ಕಾಲು ಗಂಟೆ. ಆಮೇಲೆ ನೀರು ಹಾಕದೆ ಒರಟು ಅರಿವೆಯಿಂದ ತಿಕ್ಕಿ ಉದುರಿಸುವುದು. ಮರುದಿನ ಮಧ್ಯಾಹ್ನ ಬೆರಳಿನಿಂದ ಹಣೆ ಒರೆಸಿ ನೋಡಿ, ಎಣ್ಣಿ ಇನ್ನೂ ಐತಿ ಎಂದು ನಿಂಬೆಹಣ್ಣು ಹೆಚ್ಚು ಮಾಡುವುದು. ಎಣ್ಣೆ ಒಳಗಿನಿಂದ ಬರುತ್ತದೆ, ಮೇಲೆ ಕೆರೆದರೆ ಚರ್ಮ ಹೋಗುತ್ತದೆ ಹೊರತು ಎಣ್ಣೆ ನಿಲ್ಲುವುದಿಲ್ಲ ಎಂಬುದನ್ನು ಅವಳಿಗೆ ಹೇಳುವವರು ಯಾರು? ಹೇಳಬೇಕಾದವಳು ನಾನು. ಬುಧವಾರ ಹುಡುಗಿ ಒಲ್ಲೆ ಎಂದದ್ದಕ್ಕೆ ಕೈ ಹಿಂದಕ್ಕೆ ಕಟ್ಟಿ ಹಚ್ಚಿದಳಂತೆ. ಮಣಿಕಟ್ಟಿನ ಮೇಲೆ ದಾರದ ಗುರುತು ಇತ್ತು, ನಾನೇ ನೋಡಿದೆ.

ತಣ್ಣೀರಿನಿಂದ ತೊಳೆಸಿದೆ, ಸಾಬೂನು ಮುಟ್ಟಿಸಲಿಲ್ಲ. ಮೆತ್ತನೆಯ ಅರಿವೆಯಿಂದ ಒತ್ತಿ ಒರೆಸಿದೆ. ಬೆಳಿಗ್ಗೆಯೇ ಹಾಲು ಇಳಿಸಿ ಇಟ್ಟಿದ್ದ ಲೋಳೆಸರದ ತಿರುಳು ತೆಗೆದು, ಸೀಳಿದ ಜಾಗ ಬಿಟ್ಟು, ದವಡೆಯ ಹತ್ತಿರ ಒಂದು ಚುಕ್ಕೆ ಇಟ್ಟು ಕಾದೆ. ಉರಿಯಿತೇ ಎಂದು ಕೇಳಿದರೆ, ತಣ್ಣಗೈತಿ ಎಂದಳು. ಇನ್ನು ಹದಿನೈದು ದಿನ ಮಣ್ಣು, ಬೇವು, ನಿಂಬೆಹಣ್ಣು ಯಾವುದೂ ಬೇಡ, ನಾಳೆ ಜಮಖಂಡಿಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸೋಣ ಎಂದೆ. ಭಾನುವಾರ ಮುಧೋಳದವರು ಬರ್ತಾರಲ್ಲ ಎಂದು ಕೇಳಿದಳು. ಮುಂದಕ್ಕೆ ಹಾಕಿದರಾಯಿತು, ನಿಮ್ಮವ್ವನಿಗೆ ನಾನು ಹೇಳುತ್ತೇನೆ ಎಂದೆ.

ಆರೂವರೆಗೆ ಅಕ್ಕ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಮಗಳು ಎಲ್ಲಿದ್ದಾಳೆಂದು ಊಹಿಸಿ, ಅವತ್ತಿನ ಲೇಪ ತಪ್ಪಬಾರದೆಂದು ಕಲಸಿಯೇ ತಂದಿದ್ದಳು! ನನ್ನ ಕಡೆ ನೋಡಲೂ ಇಲ್ಲ. ಕುರ್ಚಿಯಲ್ಲಿದ್ದ ಮಗಳ ಜಡೆ ಕೈಗೆ ಸುತ್ತಿಕೊಂಡು ಎಳೆದಳು. ಹುಡುಗಿ ಕುರ್ಚಿಯಿಂದ ಜಾರಿ ಮೊಣಕಾಲ ಮೇಲೆ ಬಿದ್ದಳು. ನಾನು ಅಕ್ಕನ ಕೈ ಹಿಡಿದೆ, ಬೆರಳು ಬಿಡಿಸಲಾಗದೆ ಮಣಿಕಟ್ಟು ತಿರುಚಿದೆ. ಇಬ್ಬರೂ ಬೈದಾಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಹುಟ್ಟಿದ ಮನೆಯನ್ನೂ ಸತ್ತ ಅವ್ವನನ್ನೂ ಬಿಡಲಿಲ್ಲ. ಮಗ್ಗದ ಸದ್ದಿನಲ್ಲಿ ಒಳಗಿದ್ದ ನನ್ನ ಗಂಡನಿಗೆ ಒಂದೂ ಕೇಳಿಸಲಿಲ್ಲ.

ಮಗಳ ಮುಖ ನೋಡು, ಕಣ್ಣಿದ್ದರೆ ನೋಡು ಎಂದು ನಾನು ಕಿರುಚಿದೆ. ಅಕ್ಕ ಒಂದು ಮಾತು ಹೇಳಿದಳು.

"ಒಣಗಿದ ಮ್ಯಾಲ ತೊಳಿ ಅಂದಾಕಿ ನೀನ. ಈಗ ನನಗ ಕಲಿಸಾಕ ಬರ್ತೀ?"

ನಿಜ ಹೇಳಿದಳು, ಅದಕ್ಕೇ ನನ್ನ ತಲೆ ಕೆಟ್ಟಿತು. ಸುಳ್ಳು ಹೇಳಿದ್ದರೆ ಬೈದು ಬಿಡುತ್ತಿದ್ದೆ. ಅಕ್ಕನ ಭುಜ ಹಿಡಿದು ಕುರ್ಚಿಗೆ ಕೆಡವಿದೆ. ಅವಳು ನನಗಿಂತ ತೆಳ್ಳಗೆ, ನಾನು ದಿನವೂ ಹತ್ತು ತಲೆ ತಿಕ್ಕುವವಳು. ಎದೆಯ ಮೇಲೆ ಮೊಣಕಾಲು ಊರಿ, ಅವಳ ಡಬ್ಬಿಯಿಂದಲೇ ಬೊಗಸೆ ತುಂಬ ಲೇಪ ತೆಗೆದು ಅವಳ ಮುಖಕ್ಕೆ ಬಡಿದೆ. ಹಣೆಗೆ, ಕೆನ್ನೆಗೆ, ತುಟಿಗೆ, ಕಣ್ಣ ಅಂಚಿಗೆ. ಅವಳ ಬಾಯೊಳಗೆ ಬೇವು ಹೋಗಿ ಕೆಮ್ಮಿದಳು. ನಿಂಬೆಹಣ್ಣಿನ ಹುಳಿ ಕಣ್ಣಿಗೆ ತಾಗಿ ಉರಿ ಉರಿ ಎಂದು ಕಾಲು ಬಡಿದಳು. ಫ್ಯಾನ್ ಜೋರು ಮಾಡಿದೆ. ಕೂಡು, ನಿನ್ನ ಮಗಳು ಕೂಡುತ್ತಿದ್ದಳಲ್ಲ, ಒಣಗುವ ತನಕ ನೀನೂ ಕೂಡು ಎಂದೆ.

ಎಷ್ಟು ಹೊತ್ತು ಹಿಡಿದಿದ್ದೆನೋ ಲೆಕ್ಕವಿಲ್ಲ. ಲೇಪದ ಅಂಚು ಬೆಳ್ಳಗಾಗಿ ಸಣ್ಣ ಸಣ್ಣ ಗೆರೆ ಬೀಳುವುದನ್ನು ನೋಡುತ್ತಿದ್ದೆ. ನನ್ನ ಅಕ್ಕನ ಮುಖ ಬಿಗಿಯುವುದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು. ಸಂತೋಷವೇ, ಬೇರೆ ಹೆಸರು ಕೊಡುವುದಿಲ್ಲ. ಹುಡುಗಿ ನನ್ನ ಸೆರಗು ಜಗ್ಗುತ್ತ ಸಾಕು ಚಿಗವ್ವ, ಸಾಕು, ಅವ್ವನ್ನ ಬಿಡು ಎನ್ನುತ್ತಲೇ ಇದ್ದಳು. ನನಗೆ ಕೇಳಿಸುತ್ತಿತ್ತು, ಆದರೂ ಬಿಡಲಿಲ್ಲ.

ಅಕ್ಕ ಒಮ್ಮೆಲೇ ನನ್ನ ಹೊಟ್ಟೆಗೆ ಒದ್ದಳು. ನಾನು ಹಿಂದಕ್ಕೆ ಬಿದ್ದು ಟ್ರಾಲಿಗೆ ತಾಗಿದೆ, ಬಾಟಲಿಗಳು ಚೂರಾದವು. ಎದ್ದವಳು ಪೂರ್ತಿ ಕೈ ಬೀಸಿ ಹೊಡೆದೆ. ಅಷ್ಟು ಜೋರಾಗಿ ನಾನು ಜೀವನದಲ್ಲಿ ಯಾರನ್ನೂ ಹೊಡೆದಿರಲಿಲ್ಲ. ಆ ಏಟು ಅಕ್ಕನಿಗೆ ಬೀಳಲಿಲ್ಲ. ಹುಡುಗಿ ನಡುವೆ ಬಂದಿದ್ದಳು.

ಎಡಗೆನ್ನೆಯ ಮೇಲೆ ಬಿತ್ತು, ಅದೇ ಸಿಪ್ಪೆ ಎದ್ದ ಚರ್ಮದ ಮೇಲೆ. ಅವಳು ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಳು. ಬೆರಳ ಸಂದಿಯಿಂದ ರಕ್ತ ತೆಳ್ಳಗೆ ಇಳಿಯಿತು, ನನ್ನ ಉಂಗುರ ಗೀರಿತ್ತು. ಅಕ್ಕ ಹಸಿರು ಮೆತ್ತಿದ ಮುಖದಲ್ಲೇ ನೆಲಕ್ಕೆ ಕುಳಿತು ಮಗಳ ಕೈ ಸರಿಸಲು ನೋಡಿದಳು. ಹುಡುಗಿ ಅವಳ ಕೈಯನ್ನೂ ಕೊಡವಿದಳು. ನಾನು ನೀರು ತಂದೆ. ಅದನ್ನು ತೆಗೆದುಕೊಂಡಳು, ತಾನೇ ತೊಳೆದುಕೊಂಡಳು. ಮಿಕ್ಕ ನೀರನ್ನು ತಾಯಿಯ ಮುಂದೆ ಇಟ್ಟು, ತೊಳ್ಕೋ ಅವ್ವ, ಪೂರಾ ಒಣಗಸಬ್ಯಾಡ ಎಂದಳು.

ಅವತ್ತೇ ತಾಯಿಮಗಳು ರಬಕವಿಗೆ ಹೋದರು. ಮರುದಿನ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಹೋದರೆ ಅಕ್ಕ ಬಾಗಿಲು ತೆರೆಯಲಿಲ್ಲ. ಭಾನುವಾರದ್ದನ್ನು ಮುಂದಕ್ಕೆ ಹಾಕಲೂ ಇಲ್ಲ. ಮುಂದಕ್ಕೆ ಹಾಕಿದರೆ ಅವರು ಬರುವುದೇ ಇಲ್ಲ ಎಂದು ಭಾವನಿಂದ ಫೋನು ಮಾಡಿಸಿದಳು. ತಂಗಿ ಇಲ್ಲದಿದ್ದರೆ ಬೀಗರು ಏನಾದರೂ ತಿಳಿದಾರೆಂದು ನನ್ನನ್ನೂ ಕರೆಸಿದಳು. ಅಲ್ಲಿ ಅಕ್ಕನ ಮುಖ ನೋಡಿದೆ, ಕಣ್ಣ ಸುತ್ತ ಕೆಂಪು ಇನ್ನೂ ಇಳಿದಿರಲಿಲ್ಲ. ನಾವಿಬ್ಬರೂ ಮಾತಾಡದೆ ಒಂದೇ ಅಡುಗೆಮನೆಯಲ್ಲಿ ಉಪ್ಪಿಟ್ಟು ತಿರುವಿದೆವು.

ಹುಡುಗಿಯ ಮುಖಕ್ಕೆ ಪೌಡರು ಹಚ್ಚಲು ಅಕ್ಕ ಹೋದಳು, ಕ್ರೀಮು ಹಿಡಿದು ನಾನು ಹೋದೆ. ಇಬ್ಬರನ್ನೂ ಹೊರಗೆ ಹಾಕಿ ಅಗಳಿ ಹಾಕಿಕೊಂಡಳು. ಬರಿಯ ನೀರಿನಿಂದ ತೊಳೆದ ಮುಖದಲ್ಲೇ ಹೊರಗೆ ಬಂದು ಚಾಪೆಯ ಮೇಲೆ ಕುಳಿತಳು. ಬಿಳಿ ಸಿಪ್ಪೆ, ಕೆಂಪು ಮೊಡವೆ, ಎಡಗೆನ್ನೆಯ ಮೇಲೆ ಉಂಗುರದ ಗೀರು. ಮುಧೋಳದಿಂದ ಐದು ಜನ ಬಂದಿದ್ದರು. ಹುಡುಗನ ತಾಯಿ ಮೆತ್ತಗಿನ ಹೆಂಗಸು, ಬಾಗಿ, ಮಾರಿಗೆ ಏನಾತವ್ವಾ ಎಂದು ಕೇಳಿದಳು. ಬಿಸಲಿಗೆ ಹಂಗ ಆಗೈತ್ರಿ, ಬಸ್ಸಿನ್ಯಾಗ ಓಡಾಡ್ತಾಳಲ್ರಿ ಎಂದು ಅಕ್ಕ ಅವಸರದಲ್ಲಿ ಹೇಳಿದಳು. ಹೌದ್ರಿ, ಬಿಸಲಿಗೆ ಎಂದು ನಾನೂ ತಲೆಯಾಡಿಸಿದೆ. ಆ ವಾರದಲ್ಲಿ ನಾವು ಅಕ್ಕತಂಗಿ ಒಪ್ಪಿದ ಮಾತು ಅದೊಂದೇ.

ಹುಡುಗಿ ತಲೆ ಎತ್ತಿದಳು.

"ಬಿಸಲಿಗೆ ಅಲ್ರಿ. ಸಿಪ್ಪಿ ತಗದಾಕಿ ನಮ್ಮವ್ವ, ಹೊಡದಾಕಿ ನಮ್ಮ ಚಿಗವ್ವ. ಇಬ್ರೂ ನನ್ನ ಛಲೋದಕ್ಕ ಮಾಡ್ಯಾರ್ರಿ."

ಹುಡುಗನ ತಾಯಿ ಚಹಾದ ಬಟ್ಟಲು ಕೆಳಗಿಟ್ಟು ಅಕ್ಕನನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರು. ಎಂಟು ದಿನಕ್ಕೆ ಬೇಡವೆಂದು ತಿಳಿಸಿದರು. ಅಕ್ಕ ಆ ದಿನ ಮಗಳ ಮೇಲೆ ಕೈ ಎತ್ತಲಿಲ್ಲ. ಎತ್ತುವ ಧೈರ್ಯ ಅವಳಿಗೆ ಉಳಿದಿರಲಿಲ್ಲ.

ಡಾಕ್ಟರ ಹತ್ತಿರ ಹುಡುಗಿ ಒಬ್ಬಳೇ ಹೋದಳು. ಹಚ್ಚುವುದನ್ನೆಲ್ಲ ನಿಲ್ಲಿಸಿ, ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್, ಎಣ್ಣೆ ಇಲ್ಲದ ಮಾಯಿಶ್ಚರೈಸರ್, ಚರ್ಮ ಕೂಡಿಕೊಂಡ ಮೇಲೆ ಮೊಡವೆಗೆ ಒಂದು ಮುಲಾಮು ಎಂದು ಬರೆದುಕೊಟ್ಟರಂತೆ. ಎರಡು ತಿಂಗಳಿಗೆ ಸಿಪ್ಪೆ ಹೋಯಿತು, ಕೆಂಪು ಇಳಿಯಿತು, ಮೊಡವೆ ಅಲ್ಲೊಂದು ಇಲ್ಲೊಂದಕ್ಕೆ ಬಂತು. ಗೀರು ಮಾತ್ರ ಕಪ್ಪಗೆ ಸಣ್ಣ ಗೆರೆಯಾಗಿ ನಿಂತಿತು.

ಒಂದು ಭಾನುವಾರ ಅವಳು ಪಾರ್ಲರಿಗೆ ಬಂದಳು, ಹುಬ್ಬು ಮಾಡಿಸಿಕೊಳ್ಳಲು ಬಂದಿರಬಹುದು ಎಂದುಕೊಂಡೆ. ಬಂದಳಲ್ಲ, ನನಗೆ ಅಷ್ಟೇ ಸಾಕಿತ್ತು. ಕೇಳದೆಯೇ ಲೋಳೆಸರದ ತಿರುಳು ತೆಗೆದು ತೊಳೆದೆ, ಉಂಗುರ ಬಿಚ್ಚಿ ಕಪಾಟಿನಲ್ಲಿಟ್ಟೆ. ಅವಳು ಕುರ್ಚಿಯಲ್ಲಿ ಕೂತಿದ್ದಳು, ಒರಗಿರಲಿಲ್ಲ. ಎರಡು ಬೆರಳಿಗೆ ತಿರುಳು ತೆಗೆದುಕೊಂಡು ಕೈ ಎತ್ತಿದೆ.

ಅವಳ ಮುಖ ತಾನಾಗಿಯೇ ಹಿಂದಕ್ಕೆ ಸರಿಯಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡವು, ಮೊಣಕೈ ಮೇಲೆದ್ದು ಕೆನ್ನೆಗೆ ಅಡ್ಡ ಬಂತು. ಒಂದು ಗಳಿಗೆಗೆ ಅವಳೇ ನಾಚಿ ಕೈ ಇಳಿಸಿದಳು. ನನ್ನ ಬೆರಳಿನಿಂದ ತಿರುಳನ್ನು ತನ್ನ ಬೆರಳಿಗೆ ತೆಗೆದುಕೊಂಡಳು.

"ನಾನ ಹಚ್ಕೋತೀನಿ, ಚಿಗವ್ವ. ನೀ ಅಲ್ಲೇ ನಿಂದ್ರು."

ಕನ್ನಡಿ ನೋಡಿಕೊಂಡು ತೆಳ್ಳಗೆ ಹಚ್ಚಿಕೊಂಡಳು. ನಾನು ಅವಳು ತೋರಿಸಿದಲ್ಲೇ ನಿಂತಿದ್ದೆ.